ಸೊನ್ನೆಯಿಂದ ಎರಡು ಪೈ

ನಮ್ಮ ಕಾಲೇಜಿನ ಗಣಿತ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಗುವುದೆಂದರೆ ಹುಡುಗಾಟವಲ್ಲ. ವಿಭಾಗದ ಮುಖ್ಯಸ್ಥೆಯಾಗಿ ನಾನು ಆಡಳಿತ ಮಂಡಳಿಯ ಬಾಗಿಲು ತಟ್ಟಿ ತಟ್ಟಿ ಸಾಕಾದ ಮೇಲೆ ಒಂದೇ ಒಂದು ಸಿಕ್ಕಿತು. ಕೊನೆಯ ಸುತ್ತಿಗೆ ಉಳಿದವರು ಇಬ್ಬರು. ಮೊದಲನೆಯವರು ಬೆಳಗ್ಗೆಯೇ ಮಾದರಿ ಪಾಠ ಮುಗಿಸಿದ್ದರು. ಬೋರ್ಡಿಗೆ ಮುಖ, ಹುಡುಗರಿಗೆ ಬೆನ್ನು, ತಮ್ಮ ಪಾಠ ತಮಗೇ! ಎರಡನೆಯವಳು ನಜ್ಮಾ.

ನಜ್ಮಾ ಹಳೇ ಹುಬ್ಬಳ್ಳಿಯವಳು. ತಾಸಿನ ಲೆಕ್ಕದಲ್ಲಿ ಸಂಬಳ ಕೊಡುವ ಕಾಲೇಜುಗಳಲ್ಲಿ ಪಾಠ ಮಾಡುತ್ತ, ಬೆಳಗ್ಗೆ ಹುಬ್ಬಳ್ಳಿ, ಮಧ್ಯಾಹ್ನ ಧಾರವಾಡ ಎಂದು ಬಸ್ಸಿನಲ್ಲೇ ಪ್ರಾಯ ಕಳೆದಿದ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಅರ್ಜಿಯ ಮಿತಿ ದಾಟುತ್ತದೆ. ಅಂದರೆ ಇವತ್ತು ಆಗಲಿಲ್ಲವೆಂದರೆ ಆಯುಷ್ಯವಿಡೀ ತಾಸಿನ ಲೆಕ್ಕವೇ. ಇದು ಅವಳಿಗೂ ಗೊತ್ತು, ನನಗೂ ಗೊತ್ತು.

ಆಯ್ಕೆ ಸಮಿತಿಯಲ್ಲಿ ಮೂವರು. ನಾನು, ಪ್ರಿನ್ಸಿಪಾಲರು, ಮತ್ತು ಅಧ್ಯಕ್ಷರಾಗಿ ಧಾರವಾಡದಿಂದ ಬಂದ ನಿವೃತ್ತ ಪ್ರಾಧ್ಯಾಪಕ ಬೀರಲಿಂಗಪ್ಪನವರು. ಈ ಭಾಗದ ಅರ್ಧ ಗಣಿತ ಮೇಷ್ಟ್ರುಗಳು ಅವರ ಶಿಷ್ಯರೇ. ನಾನೂ ಒಬ್ಬಳು. ಮೂವರೂ ಕೊನೆಯ ಬೆಂಚಿನಲ್ಲಿ ಕೂತೆವು. ಮುಂದೆ ಎರಡನೇ ಸೆಮಿಸ್ಟರಿನ ಹುಡುಗ ಹುಡುಗಿಯರು. ಸಮಿತಿ ಕೊಟ್ಟ ಲೆಕ್ಕ ಇದು: z = x² + y² ಎಂಬ ಪ್ಯಾರಾಬೋಲಾಯ್ಡು, z = 2y ಎಂಬ ಸಮತಲ, ಇವೆರಡರ ನಡುವೆ ಸಿಕ್ಕಿಕೊಂಡ ಜಾಗದ ಗಾತ್ರವೆಷ್ಟು?

"ಪ್ಯಾರಾಬೋಲಾಯ್ಡು ಅಂದ್ರ ನೆಲದ ಮ್ಯಾಲಿಟ್ಟ ಬಟ್ಟಲ ಅನ್ಕೋರಿ," ಎಂದು ನಜ್ಮಾ ಶುರು ಮಾಡಿದಳು. "ಸಮತಲ ಅಂದ್ರ ಅದನ್ನ ಓರೆಯಾಗಿ ಕೊಯ್ಯೋ ರಟ್ಟು. ಕೊಯ್ದ ಗೆರಿ ಓರೆ ಐತಿ, ಅದು ಅಂಡಾಕಾರ. ಆದ್ರ ನಮಗ ಅದಲ್ಲ ಬೇಕಾಗಿದ್ದು. ಸೂರ್ಯ ನೆತ್ತಿ ಮ್ಯಾಲೆ ಇದ್ದಾಗ ಆ ಗೆರಿ ನೆರಳು ನೆಲದ ಮ್ಯಾಲೆ ಎಲ್ಲಿ ಬೀಳತೈತಿ? ಆ ನೆರಳಿನ ಒಳಗ ನಾವು ಇಂಟಿಗ್ರೇಷನ್ ಮಾಡೋದು."

ಎರಡೂ z ಗಳನ್ನು ಸಮ ಮಾಡಿದಳು. x² + y² = 2y. ಅದನ್ನೇ ಹೊಂದಿಸಿ ಬರೆದರೆ x² + (y − 1)² = 1. ನೆರಳು ಒಂದು ವೃತ್ತ, ತ್ರಿಜ್ಯ ಒಂದು. ಅದರ ಕೇಂದ್ರ ಮೂಲಬಿಂದುವಿನಲ್ಲಿಲ್ಲ, ಒಂದು ಮಾನ ಆಚೆಗಿದೆ. ಮೂಲಬಿಂದು ವೃತ್ತದ ಅಂಚಿನ ಮೇಲೆಯೇ ಕೂತಿದೆ. ಚಿತ್ರ ಎಷ್ಟು ಚೆಂದ ಬಿಡಿಸಿದಳೆಂದರೆ ಹಿಂದಿನ ಬೆಂಚಿನ ಉಡಾಳರೂ ಮೊಬೈಲು ಒಳಗಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಧ್ರುವೀಯ ನಿರ್ದೇಶಾಂಕಕ್ಕೆ ಬದಲಿಸಿ ಮೂಲಬಿಂದುವಿನಿಂದ ದೂರ r ಸೊನ್ನೆಯಿಂದ 2 sin θ ವರೆಗೆ, ಕೋನ θ ಸೊನ್ನೆಯಿಂದ ಪೈ, ಅಂದರೆ ಅರ್ಧ ಸುತ್ತಿನವರೆಗೆ ಎಂದು ಮಿತಿ ಬರೆದಳು. ಅಷ್ಟರಲ್ಲಿ ಪಕ್ಕದಿಂದ ಬೀರಲಿಂಗಪ್ಪನವರ ದನಿ ಬಂತು.

"ಅಲ್ರಿ ಮೇಡಂ, ನೆರಳು ಪೂರ್ಣ ವೃತ್ತ ಐತೆಲ್ಲ? ಪೂರ್ಣ ವೃತ್ತಕ್ಕ ಸೊನ್ನಿಯಿಂದ ಎರಡು ಪೈ ಅಲ್ಲೇನು?"

ಅಯ್ಯೋ ದೇವರೇ! ಕೇಂದ್ರದಲ್ಲಿ ನಿಂತು ನೋಡಿದರೆ ಎರಡು ಪೈ, ಹೌದು. ಇಲ್ಲಿ ನಾವು ನಿಂತಿರುವುದು ಅಂಚಿನಲ್ಲಿ, ನಜ್ಮಾ ಬರೆದ ಪೈಯೇ ಸರಿ. ಆದರೆ ಅಧ್ಯಕ್ಷರಿಗೆ ತರಗತಿಯ ಎದುರು ಅಡ್ಡ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಪ್ರಿನ್ಸಿಪಾಲರಂತೂ ಆಗಲೇ ತಲೆ ಅಲ್ಲಾಡಿಸುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತೆ.

ನಜ್ಮಾ ತಿರುಗಿ ಅಧ್ಯಕ್ಷರನ್ನು ನೋಡಿದಳು. "ಹೌದ್ರಿ ಸರ್," ಎಂದು ಪೈ ಅಳಿಸಿ ಎರಡು ಪೈ ಬರೆದಳು. ಮುಂದಿನದು ಸರಸರ ನಡೆಯಿತು. r ನ ಇಂಟಿಗ್ರೇಷನ್ ಮುಗಿದಾಗ ಮೂರನೇ ನಾಲ್ಕು ಪಟ್ಟು sin⁴ θ ಉಳಿಯಿತು. ಅದನ್ನು ಪೂರ್ತಿ ಸುತ್ತಿಸಿದಾಗ ಗಾತ್ರ ಪೈ ಎಂದು ಬಂತು. ಬೀರಲಿಂಗಪ್ಪನವರು "ಛಲೋ, ಛಲೋ" ಎಂದರು. ಹುದ್ದೆ ಅವಳ ಸೆರಗಿಗೆ ಬಿತ್ತು ಎಂದುಕೊಂಡೆ.

ಎರಡನೇ ಬೆಂಚಿನಿಂದ ಸಾನ್ವಿ ಎಂಬ ಹುಡುಗಿ ಕೈ ಎತ್ತಿದಳು. "ಮೇಡಂ, θ ಪೈ ದಾಟಿದ ಮ್ಯಾಲೆ sin ಮೈನಸ್ ಆಗತೈತೆಲ್ರಿ? ಹಂಗಾದ್ರ r ಮೈನಸ್. ಅಲ್ಲೆ ಕೆಳಗ ನೆರಳs ಇಲ್ಲಲ್ರಿ?"

"ಆಮೇಲೆ ಹೇಳ್ತೇನಿ" ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಜ್ಮಾ ಡಸ್ಟರ್ ಕೈಗೆತ್ತಿಕೊಂಡು ನಿಂತಳು. ಆಮೇಲೆ ಬೋರ್ಡಿನ ಮೇಲಿನ ಎರಡು ಪೈಯನ್ನು ಅಳಿಸಿಬಿಟ್ಟಳು.

"ಬರೋಬ್ಬರಿ ಕೇಳಿದಿ. ಬಾವಿ ಅಂಚಿಗೆ ನಿಂತು ಬಾವಿ ನೋಡಬೇಕಾದ್ರ ಬಲಗಡೆಯಿಂದ ಎಡಗಡೆ ಅರ್ಧ ಸುತ್ತು ತಿರುಗಿದ್ರ ಸಾಕು, ಪೂರ್ತಿ ಕಾಣತೈತಿ. ಬೆನ್ನ ಹಿಂದ ಬಾವಿ ಇಲ್ಲ. ನಾವು ಎರಡು ಪೈ ತನಕ ಹೋಗಿ ಅದೇ ವೃತ್ತಾನ ಎರಡನೇ ಸಲ ಎಣಿಸಿದ್ವಿ. ಖಾತ್ರಿ ಬೇಕಾದ್ರ ಹಿಂಗ ನೋಡ್ರಿ. ರಟ್ಟಿಗೂ ಬಟ್ಟಲಕ್ಕೂ ನಡುವಿನ ಎತ್ತರ ನೆರಳಿನ ನಟ್ಟನಡುವೆ ಒಂದು, ಅದs ಎಲ್ಲಾಕ್ಕಿಂತ ಹೆಚ್ಚು. ಅಂಚಿಗೆ ಹೋದ್ರ ಸೊನ್ನಿ. ನೆರಳಿನ ಕ್ಷೇತ್ರಫಲ ಪೈ. ಎಲ್ಲಾ ಕಡೆ ಎತ್ತರ ಒಂದs ಇದ್ದಿದ್ರ ಗಾತ್ರ ಪೈ ಬರ್ತಿತ್ತು. ಅಂಚಿನ್ಯಾಗ ಸೊನ್ನಿ ಇರುವಾಗ ಪೈ ಹೆಂಗ ಬಂದೀತು? ಖರೇ ಉತ್ತರ ಅದರ ಅರ್ಧ."

ಅರ್ಧ ಪೈ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು.

ಪ್ರಿನ್ಸಿಪಾಲರು ಧಡಕ್ಕನೆ ಎದ್ದು ನಕ್ಕರು. "ಭಾರಿ ಆತು! ನಮ್ಮ ಸರ್ ಬೇಕಂತs ಪರೀಕ್ಷಾ ಮಾಡಿದ್ರು ನೋಡ್ರಿ ನಿಮ್ಮನ್ನ!"

"ಪರೀಕ್ಷಾ ಏನೂ ಅಲ್ಲ," ಎಂದರು ಬೀರಲಿಂಗಪ್ಪನವರು. "ನಾನು ತಪ್ಪಿದೆ. ವೃತ್ತ ನೋಡಿದೆ, ಅದು ಎಲ್ಲಿ ಕುಂತೈತಿ ಅಂತ ನೋಡಲಿಲ್ಲ." ಆಮೇಲೆ ನಜ್ಮಾಳ ಕಡೆ ತಿರುಗಿದರು. "ಮೇಡಂ, ಎರಡು ಪೈ ಬರೀವಾಗ ಅದು ತಪ್ಪಂತ ನಿಮಗ ಗೊತ್ತಿತ್ತೇನು?"

ಇಂಥ ಪ್ರಶ್ನೆಗೆ ಏನು ಹೇಳಿದರೂ ಗತಿಯಿಲ್ಲ. ಗೊತ್ತಿರಲಿಲ್ಲ ಎಂದರೆ ದಡ್ಡಿ, ಗೊತ್ತಿತ್ತು ಎಂದರೆ ಹೊಗಳುಭಟ್ಟಿ.

"ಗೊತ್ತಿತ್ರಿ."

"ಮತ್ತ ಯಾಕ ಬರದ್ರಿ?"

"ಕೆಲಸ ಬೇಕಾಗಿತ್ರಿ ಸರ್."

ಅವಳು ಕೈಗಂಟಿದ ಪುಡಿ ಝಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಗೆ ಹೋದಳು.

ಸಮಿತಿಯ ಕೋಣೆಯಲ್ಲಿ ಪ್ರಿನ್ಸಿಪಾಲರದು ಒಂದೇ ಹಟ. "ಹೆದರಿ ತಪ್ಪು ಬರಿಯೋ ಹೆಣ್ಣುಮಗಳನ್ನ ಹೆಂಗ ತಗೊಳ್ಳೋದ್ರಿ? ಬೆಳಗ್ಗಿನವರs ಛಲೋ. ಕನಿಷ್ಠ ತಪ್ಪಂತೂ ಬರೀಲಿಲ್ಲ."

"ಬೆಳಗ್ಗಿನವರಿಗೆ ನಾವು ಯಾರೂ ತಪ್ಪು ಹೇಳಿಕೊಡಲಿಲ್ಲಲ್ರಿ," ಎಂದು ಬೀರಲಿಂಗಪ್ಪನವರು ನಜ್ಮಾಳ ಹೆಸರಿನ ಮುಂದೆ ತಮ್ಮ ಅಂಕ ಬರೆದರು. ಪೂರ್ತಿ ಅಂಕ. ಇನ್ನು ನನ್ನ ಅಂಕದ ಮೇಲೆಯೇ ಎಲ್ಲ. ನಾನು ಲಗೂ ಲಗೂ ಪೆನ್ನು ತೆಗೆದು ನಜ್ಮಾಗೇ ಹೆಚ್ಚು ಕೊಟ್ಟೆ. ಹುದ್ದೆ ಅವಳದಾಯಿತು. ಪುಣ್ಯದ ಕೆಲಸ ಮಾಡಿದೆನೆಂದು ನನ್ನ ಮನಸ್ಸಿಗೆ ಹಗುರವೂ ಆಯಿತು.

"ಆಕಿ ಹೆದರಿದ್ದು ಸುಳ್ಳಲ್ರಿ ಸರ್," ಎಂದೆ. "ಪಾಪ, ನಿಮ್ಮ ಮಾತಿಗೆ ಹೆಂಗ ಎದುರಾಡಬೇಕು?"

ಬೀರಲಿಂಗಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ದಾಕ್ಷಾಯಿಣಿ, ನೀ ಇದs ಲೆಕ್ಕಾ ಇಪ್ಪತ್ತು ವರ್ಷದಿಂದ ಕಲಿಸಾಕತ್ತಿ. ನಾ ಎರಡು ಪೈ ಅಂದಾಗ ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ ಸರ್."

"ಆಕಿಗೆ ಕೆಲಸ ಬೇಕಾಗಿತ್ತು. ನಿನಗೇನು ಬೇಕಾಗಿತ್ತವ್ವಾ?"

ಅವರು ಉತ್ತರಕ್ಕಾಗಿ ಕಾಯುತ್ತ ಕೂತರು. ನಾನು ಮತ್ತೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತೆ.