ಚಿಪ್ಪು ಹಾಕಿದ ಮರಳು

ಮರಳಿಗೆ ವಾಸನೆ ಇರಬಾರದು. ಒದ್ದೆ ಕಲ್ಲಿನ ತಣ್ಣನೆಯ ವಾಸನೆ ಇದ್ದರೆ ಇರಲಿ. ಟೈಲರಮ್ಮನ ಹೊಸ ಮನೆಯ ಮುಂದೆ ಬಿದ್ದಿದ್ದ ರಾಶಿ ಮಾತ್ರ ಚರಂಡಿ ಕೆದಕಿದ ಹಾಗೆ ನಾರುತ್ತಿತ್ತು.

ಮಿಕ್ಸರ್ ಅಕ್ಕ ಟ್ರ್ಯಾಕ್ಟರ್‌ನಿಂದ ಇಳಿದವಳೇ ಮೂಗು ಮುರಿದಳು. ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು ಬಂದಿದ್ದ ಮಿಕ್ಸರ್ ಇನ್ನೂ ಅಲುಗಾಡುತ್ತಿತ್ತು. ಗಂಡ ಬಿಟ್ಟು ಹೋದ ಆಸ್ತಿ ಎಂದರೆ ಅದೊಂದೇ: ಡೀಸೆಲ್ ಎಂಜಿನ್ನಿನ, ಹೊಟ್ಟೆ ಉಬ್ಬಿಸಿಕೊಂಡ, ಕಾಂಕ್ರೀಟು ಕಲಸುವ ಯಂತ್ರ. ಅದರ ಜೊತೆಗೆ ಆಳುಗಳ ಒಂದು ತಂಡ. ಊರಿನಲ್ಲಿ ಯಾರು ಮನೆ ಕಟ್ಟಿದರೂ ಕಂಬಕ್ಕೆ, ತಾರಸಿಗೆ ಅವಳನ್ನೇ ಕರೆಯುತ್ತಿದ್ದರು. ಹಾಗಾಗಿ ಅವಳ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಇವತ್ತು ತಾರಸಿ. ಕಂಬಗಳು ಎರಡು ವಾರದ ಹಿಂದೆಯೇ ನಿಂತಿದ್ದವು. ಆಗ ಅವಳು ಜ್ವರ ಬಂದು ಮಲಗಿದ್ದಳು. ಯಂತ್ರವನ್ನೂ ಆಳುಗಳನ್ನೂ ತಮ್ಮನ ಕೈಗೆ ಒಪ್ಪಿಸಿ ಕಳಿಸಿದ್ದಳು. ಈ ಮನೆಯ ಕಂಟ್ರಾಕ್ಟರ್ ಅವಳ ತಮ್ಮನೇ. ಅಕ್ಕ ತಮ್ಮ ಇರುವುದು ಒಂದೇ ಮನೆ, ಒಂದೇ ಒಲೆ. ಸಲಿಕೆ ಹಿಡಿಯುವುದರಿಂದ ನೀರಿನ ಅಳತೆಯವರೆಗೆ ಅವನಿಗೆ ಎಲ್ಲ ಕಲಿಸಿದ್ದು ಅವಳೇ.

"ಬಾ ಅಕ್ಕ, ನಿನ್ನನ್ನೇ ಕಾಯ್ತಿದ್ದೆ. ಎಂಜಿನ್ ಶುರು ಮಾಡು, ಬಿಸಿಲು ಏರೋ ಮೊದಲು ಅರ್ಧ ಮುಗಿಸಿಬಿಡೋಣ."

"ಇದೇನೋ ಇದು ರಾಶಿ?"

"ಹೊಳೆ ಮರಳು. ಚಿಪ್ಪು ಕಾಣಿಸ್ತಿಲ್ವಾ?"

ಚಿಪ್ಪು ಕಾಣದೆ ಏನು. ಬಿಳಿ, ಬೂದು, ಉಗುರಿನಷ್ಟು ಸಣ್ಣವು, ಹೆಬ್ಬೆರಳಿನಷ್ಟು ದೊಡ್ಡವು. ಮದುವೆ ಚಪ್ಪರಕ್ಕೆ ಹೂ ಚೆಲ್ಲಿದ ಹಾಗೆ ರಾಶಿಯ ತುಂಬ ಬಿದ್ದಿದ್ದವು.

ಟೈಲರಮ್ಮ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದರು. ಹೊಲಿಗೆ ಯಂತ್ರ ತುಳಿದು ತುಳಿದು ಕೂಡಿಸಿದ್ದರಲ್ಲಿ ಕಟ್ಟಿಸುತ್ತಿದ್ದ ಮನೆ. ಕೆಳಗೆ ಅಂಗಡಿ, ಒಳಗಿನ ಕೋಣೆಯಲ್ಲಿ ಹೊಲಿಗೆ ಕಲಿಯುವ ಹೆಣ್ಣುಮಕ್ಕಳು, ಮೇಲೆ ಒಂದು ಹಾಸಿಗೆಯ ಜಾಗ, ಅಷ್ಟೇ ಅವರ ಆಸೆ. "ನಾನೇ ಹಟ ಮಾಡಿ ತರಿಸಿದ್ದು," ಎಂದರು ಹೆಮ್ಮೆಯಿಂದ. "ಆ ಬೂದಿ ಬಣ್ಣದ ಕಲ್ಲುಪುಡಿ ನನ್ನ ಮನೆಗೆ ಬೇಡವೇ ಬೇಡ ಅಂದೆ. ನಮ್ಮಪ್ಪ ಕಟ್ಟಿಸಿದ ಮನೆ ಹೊಳೆ ಮರಳಿಂದು, ಇವತ್ತಿಗೂ ಒಂದು ಬಿರುಕಿಲ್ಲ. ಮರಳಲ್ಲಿ ಚಿಪ್ಪು ಇರಬೇಕು, ಆಗಲೇ ನಂಬೋದು."

ಅವರ ಅಂಗೈಯಲ್ಲಿ ಒಂದು ಚಿಪ್ಪಿತ್ತು. ಚೆನ್ನಾಗಿರುವುದನ್ನೇ ಆರಿಸಿಕೊಂಡಿದ್ದರು.

ಅಕ್ಕ ಬಗ್ಗಿ ಒಂದು ಮುಷ್ಟಿ ಮರಳು ಹಿಂಡಿದಳು. ಕೈ ಬಿಚ್ಚಿದರೆ ಮರಳು ಉದುರಬೇಕಿತ್ತು. ಇದು ಉಂಡೆಯಾಗಿ ಕೂತಿತು. ಅದನ್ನು ಎಸೆದ ಮೇಲೆ ಅಂಗೈಯ ಗೆರೆಗಳಲ್ಲೆಲ್ಲ ಕೆಂಪು ರಾಡಿ. ಒಂದು ಚಿಪ್ಪು ಎತ್ತಿ ತಿರುಗಿಸಿದಳು. ಒಳಗೆ ಹುಳದ ಮಾಂಸ ಇನ್ನೂ ಅಂಟಿಕೊಂಡು, ಕಪ್ಪಗೆ ಕೊಳೆತು, ಲೋಳೆ ಬಿಡುತ್ತಿತ್ತು. ಅದನ್ನು ಎಸೆದು ಕೈ ಕೊಡವಿದಳು. ಹೊಳೆಯಲ್ಲಿ ವರ್ಷಗಟ್ಟಲೆ ಉರುಳಿದ ಚಿಪ್ಪಿನೊಳಗೆ ಮಾಂಸ ಇರುವುದುಂಟೆ? ಇದು ಯಾವುದೋ ಕೆರೆಯಂಚಿನಿಂದ ಮೊನ್ನೆ ಬಾಚಿ ತಂದದ್ದು.

ಅವಳು ಸಲಿಕೆ ತೆಗೆದುಕೊಂಡು ರಾಶಿಯ ಪಕ್ಕೆ ಸೀಳಿದಳು. ಒಂದು ಗೇಣು ಒಳಗೆ ಹೋಗುವುದರೊಳಗೆ ಚಿಪ್ಪು ಮುಗಿದಿತ್ತು. ಅಲ್ಲಿಂದ ಕೆಳಗೆ ಬರೀ ಕೆಂಚು ಮಣ್ಣಿನ ಬಣ್ಣ, ನಡುನಡುವೆ ಹುಲ್ಲಿನ ಬೇರು.

"ಫಿಲ್ಟರ್ ಮರಳು," ಎಂದಳು ತಮ್ಮನಿಗೆ ಮಾತ್ರ ಕೇಳುವ ಹಾಗೆ. "ಯಾರದೋ ಹೊಲದ ಮಣ್ಣು ಅಗೆದು, ನೀರು ಬಿಟ್ಟು ಅರೆಬರೆ ತೊಳೆದು, ಮರಳು ಅಂತ ಮಾರ್ತಾರಲ್ಲ, ಅದು. ಮೇಲೆ ಚಿಪ್ಪಿನ ಸಿಂಗಾರ ಯಾರು ಮಾಡಿದ್ದು?"

ತಮ್ಮ ನಕ್ಕ. "ಅವರಿಗೆ ಚಿಪ್ಪು ಬೇಕಿತ್ತು, ಕೊಟ್ಟೆ. ಹೊಳೆಯಲ್ಲಿ ಮರಳು ಎಲ್ಲಿ ಉಳಿದಿದೆ ಅಕ್ಕ? ಎಂ-ಸ್ಯಾಂಡ್ ಹಾಕೋಣ ಅಂತ ಬಾಯಿ ನೋಯೋವರೆಗೆ ಹೇಳಿದೆ. ಕೇಳಬೇಕಲ್ಲ. ಗಿರಾಕಿ ಕೇಳಿದ ಬಣ್ಣ ಕೊಟ್ಟೆ."

ಅವಳು ಮರಳಿನಲ್ಲಿ ಮಣ್ಣೆಷ್ಟಿದೆ ಎಂದು ಅಳೆಯಲು ಹೊರಟಳು. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ಅರ್ಧ ಮರಳು, ಚಿಟಿಕೆ ಉಪ್ಪು, ಮೇಲೆ ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟಿಗೆಯ ಮೇಲೆ ನಿಲ್ಲಿಸಿದಳು. ಬಾಟಲಿ ತಿಳಿಯಾಗಲು ಹೊತ್ತು ಬೇಕು. ಆದರೆ ಅವಳ ತಲೆಗೆ ಬೇರೆ ಹುಳ ಹೊಕ್ಕಿತ್ತು. ಇಂಥದ್ದೇ ಮರಳಲ್ಲವೆ ಕಂಬಕ್ಕೂ ಹೋಗಿದ್ದು?

ತಾರಸಿಯ ಹಲಗೆಗಳ ಕೆಳಗೆ ಊರುಗೋಲುಗಳ ನಡುವೆ ಬಗ್ಗಿಕೊಂಡು ಒಳಗೆ ಹೋದಳು. ಆರು ಕಂಬ. ಮೇಲ್ನೋಟಕ್ಕೆ ನುಣ್ಣಗಿದ್ದವು. ಮೂಲೆಯ ಕಂಬದ ಬುಡಕ್ಕೆ ಮಾತ್ರ ಸಿಮೆಂಟು ಮೂಟೆಗಳನ್ನು ಒರಗಿಸಿಟ್ಟಿದ್ದರು. ಸಿಮೆಂಟನ್ನು ಹಲಗೆಯ ಮೇಲೆ ಜೋಡಿಸಬೇಕು, ಕಂಬಕ್ಕೆ ಒರಗಿಸುವ ಪದ್ಧತಿ ಯಾವ ಊರಿನದು? ಅವಳ ತಂಡದ ಹಿರಿಯ, ಮಿಕ್ಸರಿನ ಬಾಯಿಗೆ ಜಲ್ಲಿ ಸುರಿಯುವ ಮಾವ, ಹಿಂದೆಯೇ ಬಂದವನು ಕತ್ತು ತುರಿಸಿಕೊಂಡು ನಿಂತ.

"ಮೂಟೆ ಸರಿಸು ಮಾವ."

"ಬೇಡ ಬಿಡಮ್ಮ," ಎಂದ ಮಾವ. ಆದರೂ ಸರಿಸಿದ.

ಬುಡದಲ್ಲಿ ಮೊಣಕಾಲೆತ್ತರದವರೆಗೆ ಹೊಸ ಸಿಮೆಂಟಿನ ಲೇಪ, ಕೆನೆಯ ಹಾಗೆ ಬಳಿದಿದ್ದರು. ಅಕ್ಕ ಸೆರಗಿನ ಬೀಗದ ಕೈಯಿಂದ ಕೆರೆದಳು. ಲೇಪ ಹಕ್ಕಳೆಯಾಗಿ ಎದ್ದು ಬಂತು. ಅದರ ಹಿಂದೆ ಕಾಂಕ್ರೀಟಿರಲಿಲ್ಲ. ಬರೀ ನಿಂಬೆಹಣ್ಣಿನಂಥ ಜಲ್ಲಿ, ಒಂದಕ್ಕೊಂದು ಆತುಕೊಂಡು, ಮಧ್ಯೆ ಮಧ್ಯೆ ತೂತು. ಬೆರಳು ಹಾಕಿದರೆ ನೇರ ಸರಳಿಗೇ ತಾಗಿತು, ಆಗಲೇ ತುಕ್ಕು ಹಿಡಿದಿತ್ತು. ಕೊಳೆತ ಹಲ್ಲಿನ ಸಂದಿಗೆ ಬೆರಳಿಟ್ಟ ಹಾಗಾಗಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನಲವತ್ತು ಎಂಎಂ ಜಲ್ಲಿ," ಎಂದಳು. "ಕಂಬಕ್ಕೆ."

"ತಳಪಾಯದ ಹಾಸಿಗೆಗೆ ತಂದಿದ್ದು ಮಿಕ್ಕಿತ್ತಮ್ಮ," ಎಂದ ಮಾವ. "ನಾನು ಹೇಳಿದೆ. ನಿನ್ನ ತಮ್ಮ ಸುಮ್ಮನೆ ಸುರಿ ಅಂದ. ಕಡ್ಡಿಯಿಂದ ಕುಟ್ಟಿದೆವು, ಇಳಿಯಲೇ ಇಲ್ಲ."

ಇಳಿಯುವುದಾದರೂ ಹೇಗೆ? ಕಂಬದ ಬುಡದಲ್ಲಿ ಕೆಳಗಿನ ಸರಳಿಗೆ ಮೇಲಿನ ಸರಳು ಜೋಡಿ ಕಟ್ಟಿರುತ್ತಾರೆ. ಸಂದಿ ಎಂದರೆ ಎರಡು ಬೆರಳು ಹೋದರೆ ಹೆಚ್ಚು. ದಪ್ಪ ಜಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡು ಬಾಗಿಲು ಹಾಕಿಬಿಡುತ್ತದೆ. ಗಾರೆ ಮೇಲೇ ಉಳಿಯುತ್ತದೆ, ಕೆಳಗೆ ಪೊಳ್ಳು. ಉಳಿದ ಐದು ಕಂಬಗಳನ್ನೂ ಅವಳು ಮೊಳೆಯಿಂದ ಗೀರಿ ನೋಡಿದಳು. ಹೊರಗೆ ಗಟ್ಟಿಯಾಗಿ ಕಂಡದ್ದು ಎರಡು ವಾರ ಆದರೂ ಹಿಟ್ಟಿನ ಹಾಗೆ ಉದುರುತ್ತಿತ್ತು. ಮಣ್ಣು ಸೇರಿದ ಮರಳಿನ ಕೆಲಸ ಅದು. ಸಿಮೆಂಟು ಮರಳಿನ ಕಾಳು ಹಿಡಿದುಕೊಳ್ಳಬೇಕು. ಮಧ್ಯೆ ಮಣ್ಣಿನ ಪದರ ಬಂದರೆ ಯಾರ ಕೈ ಯಾರು ಹಿಡಿಯುತ್ತಾರೆ?

ತಮ್ಮ ಒಳಗೆ ಬಂದ. ಕೆರೆದ ಬುಡ ನೋಡಿ ಮಾವನನ್ನು ಒಂದು ಸಲ ದುರುಗುಟ್ಟಿದ.

"ನಿನಗೆ ಗೊತ್ತಿರಲಿಲ್ಲ ಅನ್ನು," ಎಂದಳು ಅಕ್ಕ. ಅವಳಿಗೆ ಆ ಮಾತು ಬೇಕಿತ್ತು. ಗೊತ್ತಿರಲಿಲ್ಲ ಎಂದುಬಿಟ್ಟರೆ ಬೈದು, ಕಲಿಸಿ, ಮುಗಿಸಬಹುದಿತ್ತು.

"ಯಾಕೆ ಗೊತ್ತಿರಲ್ಲ? ಹಾಸಿಗೆಗೆ ನಲವತ್ತು. ಕಂಬ, ತೊಲೆ, ತಾರಸಿಗೆ ಇಪ್ಪತ್ತು. ಸರಳು ಒತ್ತೊತ್ತಾಗಿ ಇರೋ ಕಡೆ, ತೆಳು ಸಜ್ಜಾಗೆ, ಹನ್ನೆರಡು. ನೀನೇ ಹೇಳ್ಕೊಟ್ಟಿದ್ದು." ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದು ತಪ್ಪಿಲ್ಲದೆ ಹೇಳಿ, ಹಲ್ಲು ಕಿರಿದ. "ಮಿಕ್ಕಿದ್ದು ಎಸೆಯೋಕಾಗುತ್ತಾ? ಇನ್ನು ಮೇಲೆ ಸಿಮೆಂಟು ಬಳಿದು ಗಿಲಾವ್ ಆದರೆ ಮುಚ್ಚಿಹೋಗುತ್ತೆ. ಬೀಳೋದಾದ್ರೂ ನಾವಿರೋ ತನಕ ಬೀಳಲ್ಲ ಬಿಡು."

ಅವನ ಬಾಯಿಂದ ಎಲೆಯಡಿಕೆಯ ವಾಸನೆ ಬಂತು. ದಿನಾ ಬರುವ ವಾಸನೆಯೇ. ಇವತ್ತು ಮಾತ್ರ ಅವಳಿಗೆ ಆ ಚಿಪ್ಪಿನೊಳಗಿನ ಲೋಳೆ ನೆನಪಾಯಿತು. ಇವನನ್ನು ತಾನು ಎತ್ತಿ ಆಡಿಸಿದ್ದೆ, ಮೂಗು ಒರೆಸಿದ್ದೆ ಎನ್ನುವುದನ್ನೂ ತೊಳೆದುಕೊಳ್ಳಬೇಕು ಅನ್ನಿಸಿತು.

ಹೊರಗೆ ಬಂದು ಎಂಜಿನ್ನಿಗೆ ಸಿಕ್ಕಿಸಿದ್ದ ತಿರುಗಿಸುವ ಹ್ಯಾಂಡಲನ್ನು ಕಿತ್ತುಕೊಂಡಳು. ಅದಿಲ್ಲದೆ ಯಂತ್ರ ಶುರುವಾಗುವುದಿಲ್ಲ. ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಮಿಕ್ಕ ಜಲ್ಲಿಯ ರಾಶಿಯ ಮೇಲೆ ಕೂತುಬಿಟ್ಟಳು.

"ಟೈಲರಮ್ಮ, ಇಲ್ಲಿ ಬನ್ನಿ. ಇವತ್ತು ತಾರಸಿ ಇಲ್ಲ."

ತಮ್ಮ ಅಡ್ಡ ಬಂದ. "ಅಕ್ಕನಿಗೆ ಜ್ವರ ಇನ್ನೂ ಇಳಿದಿಲ್ಲಮ್ಮ, ಏನೇನೋ..."

"ನೀನು ಸುಮ್ನಿರು."

ಅವಳು ಬಾಟಲಿ ಎತ್ತಿ ತೋರಿಸಿದಳು. ಕೆಳಗೆ ಮರಳು ಕೂತಿತ್ತು. ಅದರ ಮೇಲೆ ಮೂರು ಬೆರಳು ದಪ್ಪದ ರಾಡಿ ಹಲ್ವದ ಹಾಗೆ ಕಟ್ಟಿತ್ತು. ಅದರ ಮೇಲೆ ಕೆಂಪು ನೀರು, ಕಸ ತೇಲುತ್ತಿತ್ತು. ಒಳ್ಳೆ ಮರಳಾದರೆ ಆ ಪದರ ಉಗುರಿನಷ್ಟಿದ್ದರೂ ಜಾಸ್ತಿ. ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೂಲೆಯ ಕಂಬದ ತೂತಿಗೆ ಅವರ ಬೆರಳನ್ನೇ ಇಡಿಸಿದಳು.

ಟೈಲರಮ್ಮ ಬೆರಳು ತೆಗೆಯಲಿಲ್ಲ. ಬಟ್ಟೆಯ ಹೊಲಿಗೆ ಎಲ್ಲಿ ಬಿಚ್ಚಿದೆ ಎಂದು ಹುಡುಕುವ ಹಾಗೆ ಒಳಗೇ ತಡವಿದರು. "ಆದರೆ ಚಿಪ್ಪು ಇತ್ತಲ್ಲ," ಎಂದರು ಕೊನೆಗೆ.

"ಚಿಪ್ಪು ಮೇಲಿಂದ ಹಾಕಿದ್ದು."

"ನಾನು ಕೇಳಿದ್ದಕ್ಕಾ?"

"ನೀವು ಕೇಳಿದ್ದಕ್ಕೆ. ಮೋಸ ಮಾಡಿದ್ದು ನೀವಲ್ಲ." ಅಕ್ಕನ ದನಿ ಸ್ವಲ್ಪ ಮೆತ್ತಗಾಯಿತು. "ಹೊಳೆ ಮರಳು ಒಳ್ಳೇದೇ, ಹೊಳೆಯಿಂದ ಬಂದ್ರೆ. ಎಂ-ಸ್ಯಾಂಡ್ ಕಲ್ಲುಪುಡಿ ಅಲ್ಲಮ್ಮ. ಕಲ್ಲುಪುಡಿ ಅಂದ್ರೆ ಜಲ್ಲಿ ಒಡೆದಾಗ ಕೆಳಗೆ ಬೀಳೋ ದೂಳು, ಅದು ನನಗೂ ಬೇಡ. ಇದು ಮರಳು ಮಾಡೋಕೇ ಅಂತ ಕಲ್ಲು ಒಡೆದು, ಕಾಳು ಉರುಟು ಮಾಡಿ, ತೊಳೆದು, ಜರಡಿ ಹಿಡಿದದ್ದು. ಬಣ್ಣ ಬೂದಿ, ಅಷ್ಟೇ. ಕಾಂಕ್ರೀಟಿಗೆ ಅದು ಸಾಕು, ನೀರು ಮಾತ್ರ ಒಂಚೂರು ನೋಡ್ಕೊಂಡು ಹಾಕಬೇಕು. ಗಿಲಾವಿಗೆ ಅದರಲ್ಲೇ ನಯದ್ದು ಬರುತ್ತೆ."

"ಈ ಕಂಬಗಳು?"

"ಆರೂ ಒಡೀಬೇಕು. ತಾರಸಿ ಭಾರ ಇನ್ನೂ ಕೂತಿಲ್ಲ, ನಮ್ಮ ಪುಣ್ಯ. ಹಲಗೆ ಊರುಗೋಲಿನ ಮೇಲೆ ನಿಂತಿದೆ. ಸರಳು ಉಳಿಸ್ಕೊಂಡು, ತುಕ್ಕು ಉಜ್ಜಿ, ಇಪ್ಪತ್ತಕ್ಕೆ ಹನ್ನೆರಡು ಬೆರೆಸಿ ಮೇಲಿಂದ ಸುರೀತೀನಿ. ಗಟ್ಟಿ ಆದಮೇಲೇ ತಾರಸಿ."

"ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ," ಎಂದ ತಮ್ಮ.

"ಇದ್ದಿದ್ರೆ ತಾನೇ," ಎಂದು ಮಾವ ಕಂಬಕ್ಕೆ ಹೇಳಿದ.

ಅಕ್ಕ ಸುತ್ತಿಗೆ ಉಳಿಯನ್ನು ತಮ್ಮನ ಕೈಗೆ ತುರುಕಿದಳು. "ಮೊದಲನೇದು ನೀನೇ ಒಡಿ. ಎಷ್ಟು ಗಟ್ಟಿ ಕಟ್ಟಿದೀಯ ನೋಡ್ಕೋ."

ಅವನು ಬೇರೆ ದಾರಿಯಿಲ್ಲದೆ ಹೊಡೆದ. ಕಿಡಿ ಹಾರಬೇಕಿತ್ತು, ಕೈ ಜುಮ್ಮೆನ್ನಬೇಕಿತ್ತು. ಉಳಿ ಒದ್ದೆ ಮಣ್ಣಿನ ಗೋಡೆಗೆ ಹೋದ ಹಾಗೆ ದಬ್ ಎಂದು ಒಳಗೆ ಹೋಯಿತು. ಟೈಲರಮ್ಮ ಅಂಗೈಯಲ್ಲಿದ್ದ ಚಿಪ್ಪನ್ನು ಒಡೆದ ಚೂರುಗಳ ಮೇಲೆ ಹಾಕಿ, ಸೀರೆಗೆ ಕೈ ಒರೆಸಿಕೊಂಡರು.

ಸಂಜೆ ಮನೆಯಲ್ಲಿ ಅಕ್ಕ ಕೈ ತೊಳೆದಳು, ಮತ್ತೆ ತೊಳೆದಳು. ಸೋಪು ತೆಳ್ಳಗಾಯಿತು, ವಾಸನೆ ಹೋಗಲಿಲ್ಲ. ತಮ್ಮ ತಲೆಗೂದಲಿನ ತುಂಬ ಸಿಮೆಂಟಿನ ದೂಳು ಹೊತ್ತು ಬಂದು ತಟ್ಟೆಯ ಮುಂದೆ ಕೂತ. ಹಸಿದಿದ್ದ, ಬಾಚಿ ಬಾಚಿ ತಿಂದ. ಅರ್ಧ ಊಟದಲ್ಲಿ ತಲೆಯೆತ್ತಿ, ಸಿಟ್ಟಿಲ್ಲದೆ, ಸಹಜವಾಗಿ ಹೇಳಿದ:

"ಒಂದು ಮಾತು ಅಕ್ಕ. ಇನ್ನೊಂದು ನಾಲ್ಕು ದಿನ ನಿನಗೆ ಜ್ವರ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಎದ್ದು ಹೋಗಿ ಬಾಯಲ್ಲಿದ್ದ ತುತ್ತನ್ನು ಹಿತ್ತಲಿಗೆ ಉಗಿದು ಬಂದಳು. ಬಾಗಿಲ ಹಿಂದೆ, ಇಬ್ಬರ ಕೈಗೂ ಸಿಗುವಲ್ಲಿ, ಇಷ್ಟು ವರ್ಷ ನೇತಾಡುತ್ತಿದ್ದ ಮಿಕ್ಸರಿನ ಹ್ಯಾಂಡಲನ್ನು ಇಳಿಸಿದಳು. ತನ್ನ ಕೋಣೆಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

"ನಾಳೆಯಿಂದ ನಿನ್ನ ಕೆಲಸಕ್ಕೆ ಬೇರೆ ಯಂತ್ರ ನೋಡ್ಕೋ," ಎಂದಳು ಒಳಗಿಂದಲೇ. "ಬೇರೆ ಒಲೇನೂ."