ಡಿಪ್ಲೊಮಾ ಸಾಕು ಎಂದವಳು

ನಾವಿರುವ ಪರದೇಶದ ಕಾಲೇಜಿನ ಆಫೀಸಿನಲ್ಲಿ ನನ್ನ ನಾದಿನಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೆಗಲಿನ ಬ್ಯಾಗನ್ನೂ ಇಳಿಸಿರಲಿಲ್ಲ. ಮಾಸ್ಟರ್ಸ್‌ನ ಕೊನೆಯ ಪ್ರಾಜೆಕ್ಟ್‌ನಲ್ಲಿ ಫೇಲಾಗಿದ್ದಳು. ಉಳಿದದ್ದೆಲ್ಲ ಪಾಸಾಗಿದ್ದರಿಂದ, ಬೇಕಿದ್ದರೆ ಸ್ನಾತಕೋತ್ತರ ಡಿಪ್ಲೊಮಾ ತೆಗೆದುಕೊಂಡು ಈಗಲೇ ಓದು ಮುಗಿಸಬಹುದೆಂದು ಕಾಲೇಜು ಹೇಳಿತ್ತು. ನೀರು ಪರೀಕ್ಷಿಸುವ ಲ್ಯಾಬೊಂದು ಅವಳಿಗಾಗಿ ಕೆಲಸ ಹಿಡಿದಿಟ್ಟಿತ್ತು. ಓದಿನ ನಂತರದ ವರ್ಕ್ ಪರ್ಮಿಟ್ ಸಿಕ್ಕರೆ ಆಯಿತು.

"ಸುಮ್ನೆ ಬಂದ್ರಿ ಅತ್ತಿಗೆ. ಒಂದು ಸಹಿ ಅಷ್ಟೆ."

"ನಿಮ್ಮಣ್ಣನೂ ಮದುವೆ ದಿನ ಹಾಗೇ ಅಂದಿದ್ರು."

ಅವಳು ನಗಲಿಲ್ಲ. ವಿದೇಶಿ ವಿದ್ಯಾರ್ಥಿಗಳ ವಿಭಾಗದ ಮೇಡಂ ಡಿಪ್ಲೊಮಾದ ಫಾರ್ಮನ್ನೂ ಪೆನ್ನನ್ನೂ ಮುಂದೆ ತಳ್ಳಿದರು. ನನಗೆ ಸುಮ್ಮನಿರಲಾಗಲಿಲ್ಲ.

"ಮೇಡಂ, ಡಿಪ್ಲೊಮಾಗೂ ಮಾಸ್ಟರ್ಸ್‌ಗೆ ಸಿಗೋವಷ್ಟೇ ವರ್ಷ ಪರ್ಮಿಟ್ ಸಿಗುತ್ತಾ?"

"ಅಯ್ಯೋ ಅತ್ತಿಗೆ! ನಾನು ಓದಿದ್ದು ಅದೇ ವರ್ಷ, ಕೂತಿದ್ದು ಅದೇ ಕ್ಲಾಸು. ಜೊತೇಲಿ ಓದಿದ ಗೆಳತಿಗೆ ಮೂರು ವರ್ಷ ಕೊಟ್ಟ ಮೇಲೆ ನನಗೂ ಕೊಡ್ತಾರೆ."

"ಇಲ್ಲಮ್ಮ," ಎಂದರು ಮೇಡಂ. "ಆಕೆ ಮಾಸ್ಟರ್ಸ್ ಮುಗಿಸಿದ್ಲು. ಇಲ್ಲಿ ಮಾಸ್ಟರ್ಸ್ ಒಂದೇ ವರ್ಷದ್ದಾದ್ರೂ ಮೂರು ವರ್ಷದ ಪರ್ಮಿಟ್. ಸಣ್ಣ ಡಿಪ್ಲೊಮಾಗೆ ಕೋರ್ಸು ಎಷ್ಟು ಉದ್ದವೋ ಪರ್ಮಿಟ್ಟೂ ಅಷ್ಟೇ. ನಿನಗೆ ಒಂದು ವರ್ಷ."

ನಾದಿನಿಯ ಕೈ ಪೆನ್ನಿನ ಮೇಲೆಯೇ ನಿಂತಿತು. "ಆಮೇಲೆ ಮಾಸ್ಟರ್ಸ್ ಮುಗಿಸಿ ಇನ್ನೊಂದು ಸಲ ಹಾಕ್ತೀನಿ."

"ಈ ಪರ್ಮಿಟ್ ಜೀವನಕ್ಕೆ ಒಂದೇ ಸಲ."

ಲ್ಯಾಬಿನಲ್ಲಿ ತರಬೇತಿಯೇ ಎರಡು ವರ್ಷ. ಅದು ನನಗೂ ಗೊತ್ತಿತ್ತು, ಅವಳಿಗೂ.

"ಪ್ರಾಜೆಕ್ಟ್ ತಿದ್ದಿ ಕೊಡೋಕೆ ಅವಕಾಶ ಇಲ್ವಾ?" ಎಂದೆ.

"ಒಂದು ಸಲ ಇದೆ. ಆದ್ರೆ ಸ್ಟೂಡೆಂಟ್ ವೀಸಾ ಮುಗಿಯೋದ್ರೊಳಗೆ ರಿಸಲ್ಟ್ ಬಂದು, ಪರ್ಮಿಟ್‌ಗೆ ಅರ್ಜಿ ಬಿದ್ದಿರಬೇಕು. ತಡ ಮಾಡಿದ್ರೆ ಕಷ್ಟ."

ನಾದಿನಿ ಅಲ್ಲೇ ಲ್ಯಾಬಿಗೆ ಫೋನ್ ಮಾಡಿ, ರಿಸಲ್ಟ್ ಬರುವವರೆಗೆ ಕಾಯುತ್ತೀರಾ ಎಂದು ಕೇಳಿದಳು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. "ಅಷ್ಟು ದಿನ ಜಾಗ ಖಾಲಿ ಬಿಡೋಕಾಗಲ್ಲಮ್ಮ. ಈಗಲೇ ಬರ್ತೀನಿ ಅಂದ್ರೆ ಬಾ."

ಅವಳು ನನ್ನ ಮುಖ ನೋಡಿದಳು. ಡಿಪ್ಲೊಮಾ ಬೇಡ ಎನ್ನಲು ಹೊರಟು ತಡೆದುಕೊಂಡೆ. ತಿದ್ದಿದ್ದೂ ಫೇಲಾದರೆ ಆ ಮಾತು ಜೀವನವಿಡೀ ನನ್ನ ತಲೆಯ ಮೇಲಿರುತ್ತದೆ.

"ಬೇರೆಯವರನ್ನ ತಗೊಳ್ಳಿ ಸರ್," ಎಂದಳು ಅವಳೇ.

ಪೆನ್ನನ್ನು ಮೇಡಂ ಕಡೆಗೇ ತಳ್ಳಿ, ಬ್ಯಾಗು ಇಳಿಸಿದಳು. ಲ್ಯಾಪ್‌ಟಾಪ್ ತೆರೆದು, ಪರೀಕ್ಷಕರು ಕೆಂಪು ಬಣ್ಣದಲ್ಲಿ ಬರೆದಿದ್ದ ಮೊದಲ ಟಿಪ್ಪಣಿಗೆ ಬಂದಳು.

"ಮನೇಲಿ ಮಾಡಮ್ಮ," ಎಂದರು ಮೇಡಂ.

"ಮನೇಲಿ ಅಣ್ಣ ಇದಾನೆ ಮೇಡಂ. ಬೈದು ಮುಗಿಸೋಕೇ ರಾತ್ರಿ ಆಗುತ್ತೆ."