ಮೆಸೇಜ್ ಹೋಗದ ನೂರು ಮಂದಿ

ಕುರುಗೋಡಿನ ಅಂಗಡಿಯಲ್ಲಿ ಸೀರೆ ತೋರಿಸುವ ದಾಕ್ಷಾಯಣಿಯನ್ನು ಕೆಲಸದಿಂದ ಬಿಡಿಸುವುದಿತ್ತು. ಅದಕ್ಕೆ ಬೇಕಾದ ಪುರಾವೆಯನ್ನು ತಯಾರಿಸುತ್ತಿದ್ದವಳು ನಾನು, ಶೈಲಜಾ. ಈಗ ಹೇಳಲು ನಾಚಿಕೆಯಾಗುತ್ತದೆ. ಆಗ ಹೆಮ್ಮೆಯಿತ್ತು.

ವೀರೇಶಣ್ಣನದು ಸೀರೆ ಅಂಗಡಿ. ಬಳ್ಳಾರಿಯಲ್ಲಿ ದೊಡ್ಡದು, ಸಿರುಗುಪ್ಪ, ಕುರುಗೋಡಿನಲ್ಲಿ ಒಂದೊಂದು ಚಿಕ್ಕದು. ಬಳ್ಳಾರಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಮುಂದೆ ನಾನು. ಬಿಲ್ಲಿನಲ್ಲಿರುವ ಫೋನ್ ನಂಬರ್ ಹಿಡಿದು ಪ್ರತಿ ಗಿರಾಕಿಗೂ ಮೂರು ಅಂಕ ಕೊಡುತ್ತೇನೆ: ಕೊನೆಯ ಸಲ ಬಂದು ಎಷ್ಟು ದಿನವಾಯಿತು, ವರ್ಷದಲ್ಲಿ ಎಷ್ಟು ಸಲ ಬಂದರು, ಎಷ್ಟು ಖರ್ಚು ಮಾಡಿದರು. ಒಂದೊಂದಕ್ಕೂ ಒಂದರಿಂದ ಐದು. ಮೂರರಲ್ಲೂ ನಾಲ್ಕು, ಐದು ಬಂದವರು ನನ್ನ ಬಂಗಾರದ ಪಟ್ಟಿ. ಅವರಿಗೆ ಹತ್ತು ಪರ್ಸೆಂಟ್ ರಿಯಾಯಿತಿಯ ಮೆಸೇಜ್. ಹಿಂದೆ ಚೆನ್ನಾಗಿ ಕೊಂಡು ಈಚೆಗೆ ಕಾಣೆಯಾದವರದು ಇನ್ನೊಂದು ಪಟ್ಟಿ. ಅವರಿಗೆ ‘ಮರಳಿ ಬನ್ನಿ’ ಎಂಬ ಮೆಸೇಜ್, ಜೊತೆಗೆ ಫೋನು ತೆರೆದಲ್ಲೆಲ್ಲ ನಮ್ಮ ಸೀರೆಯ ಜಾಹೀರಾತು.

ಮೆಸೇಜ್ ಹೋದವರು ಕೊಂಡದ್ದನ್ನೆಲ್ಲ ಮೆಸೇಜಿನ ಲೆಕ್ಕಕ್ಕೇ ಬರೆದು, ಒಂದು ರೂಪಾಯಿ ಹಾಕಿದರೆ ಒಂಬತ್ತು ರೂಪಾಯಿ ವ್ಯಾಪಾರ ಎಂದು ತೋರಿಸಿದ್ದೆ. ಅದನ್ನು ನೋಡಿಯೇ ವೀರೇಶಣ್ಣ ದೀಪಾವಳಿ ಮುಗಿದ ಮೇಲೆ ಸಿರುಗುಪ್ಪದ ಅಂಗಡಿಯಲ್ಲಿ ಅದೇ ಕೆಲಸದಲ್ಲಿದ್ದ ಮಾರೆಮ್ಮನನ್ನು ಬಿಡಿಸಿದ. ಈಗ ದಾಕ್ಷಾಯಣಿಯ ಸರದಿ.

“ಮಂದೀನ ಫೋನೇ ಕರಕೊಂಡು ಬರ್ತೈತಂದ್ರ, ಸೀರಿ ಬಿಚ್ಚಿ ತೋರ್ಸಾಕ ಅರ್ಧ ಸಂಬಳಕ್ಕ ಯಾರರ ಸಿಗ್ತಾರ,” ಎಂದ ವೀರೇಶಣ್ಣ.

ನನಗೆ ಇನ್ನಷ್ಟು ಶಭಾಷ್‌ಗಿರಿ ಬೇಕಿತ್ತು. ಕುರುಗೋಡಿನ ಬಂಗಾರದ ಪಟ್ಟಿಯ ಐನೂರು ಮಂದಿಯಲ್ಲಿ ನೂರು ಜನರನ್ನು ಚೀಟಿ ಎತ್ತಿದ ಹಾಗೆ ಕಣ್ಣುಮುಚ್ಚಿ ಆರಿಸಿ, ಅವರಿಗೆ ಮೆಸೇಜ್ ಕಳಿಸಲಿಲ್ಲ. ಉಳಿದ ನಾನೂರಕ್ಕೆ ಕಳಿಸಿದೆ. ಕಳಿಸದವರು ಬರುವುದಿಲ್ಲ, ಕಳಿಸಿದವರು ಬರುತ್ತಾರೆ. ನನ್ನ ಮೆಸೇಜಿನ ತಾಕತ್ತು ಗೊತ್ತಾಗುತ್ತದೆ.

ತಿಂಗಳಾದ ಮೇಲೆ ಬಿಲ್ಲುಗಳನ್ನು ತೆಗೆದೆ. ಮೆಸೇಜ್ ಹೋದ ನಾನೂರರಲ್ಲಿ ಇನ್ನೂರ ನಲವತ್ತೆಂಟು ಮಂದಿ ಬಂದಿದ್ದರು. ನೂರಕ್ಕೆ ಅರವತ್ತೆರಡು.

ಮೆಸೇಜ್ ಹೋಗದ ನೂರರಲ್ಲಿ ಬಂದವರು ಅರವತ್ತೊಂದು.

ಪಟ್ಟಿ ಅದಲುಬದಲಾಗಿದೆಯೇನೋ ಎಂದು ಮೂರು ಸಲ ತಿರುವಿ ನೋಡಿದೆ. ಆಗಿರಲಿಲ್ಲ. ಹೇಗೂ ಬರುವವರಿಗೆ ಮೆಸೇಜ್ ಕಳಿಸಿ, ಮೇಲೆ ರಿಯಾಯಿತಿ ಕೊಟ್ಟು, ಅವರನ್ನು ನಾನೇ ಕರೆಸಿದೆ ಎಂದು ಬೀಗಿದ್ದೆ. ನಿಜಕ್ಕೂ ಮೆಸೇಜಿನಿಂದ ಹೆಚ್ಚಾಗಿ ಬಂದವರು ನೂರಕ್ಕೆ ಒಬ್ಬರಂತೆ ನಾನೂರಕ್ಕೆ ನಾಲ್ಕು ಮಂದಿ, ಅದೂ ಬಂದರೆ. ಒಂಬತ್ತು ರೂಪಾಯಿಯ ಮಾತಿರಲಿ, ಕೊಟ್ಟ ರಿಯಾಯಿತಿಯೂ ಗಿಟ್ಟಿರಲಿಲ್ಲ.

ಮತ್ತೆ ಅವರನ್ನು ಕರೆದವರು ಯಾರು? ದಾಕ್ಷಾಯಣಿಗೆ ಫೋನ್ ಮಾಡಿದೆ.

“ನಾನ ಎಲ್ಲಾರಿಗೂ ಫೋನ್ ಹಚ್ತೀನಲ್ಲವ್ವಾ,” ಎಂದಳು ಆಕೆ. “ಯಾರ ಮನ್ಯಾಗ ಸೀಮಂತ, ಯಾರ ಮನ್ಯಾಗ ಮದುವಿ ಅಂತ ನಂಗ ಗೊತ್ತಿರ್ತೈತಿ. ಜವಳಿಗೆ ಕರೀದ ಯಾರರ ಬರ್ತಾರೇನು? ನಿಮ್ಮ ಮೆಸೇಜ್ ತೋರ್ಸಿ ಹತ್ತು ಪರ್ಸೆಂಟ್ ಬಿಡಿಸ್ಕೊಂಡು ಹೋದ್ರು, ಅಷ್ಟ.”

ಮುಚ್ಚಿಟ್ಟರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಆಕೆಯ ಕೆಲಸ ಹೋಗುತ್ತಿತ್ತು. ಹೆದರಿಕೊಂಡೇ ವೀರೇಶಣ್ಣನ ಮುಂದೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ.

“ದಾಕ್ಷಾಯಣಿ ಇರ್ಲಿ,” ಎಂದ. ಆಮೇಲೆ ಮೆಲ್ಲಗೆ ಕೇಳಿದ, “ಹಂಗಾದ್ರ ಸಿರುಗುಪ್ಪದಾಗ?”

ಅಲ್ಲಿಯವರೆಗೆ ಸಿರುಗುಪ್ಪ ನನ್ನ ತಲೆಗೇ ಬಂದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅಲ್ಲಿ ಬಂಗಾರದ ಪಟ್ಟಿಯಲ್ಲಿ ಮುನ್ನೂರ ಹತ್ತು ಮಂದಿ ಇದ್ದರು. ಈಗ ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಕಾಣೆಯಾದವರ ಪಟ್ಟಿಗೆ ಬಿದ್ದಿದ್ದರು. ಪ್ರತಿ ವಾರ ಅವರ ಬೆನ್ನು ಹತ್ತಿ ಜಾಹೀರಾತು ಓಡಿಸುತ್ತಿದ್ದವಳು ನಾನೇ. ಅವರೆಲ್ಲ ಯಾಕೆ ಕಾಣೆಯಾದರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಮಾರೆಮ್ಮಗ ಫೋನ್ ಹಚ್ಚು,” ಎಂದ ವೀರೇಶಣ್ಣ. ಸ್ಪೀಕರ್ ಹಾಕಿದೆ.

“ನಿಮ್ಮಂಗಡಿ ಎದುರಿನ ಸೀರಿ ಅಂಗಡ್ಯಾಗ ಅದೀನವ್ವಾ,” ಎಂದಳು ಮಾರೆಮ್ಮ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಅವರು ಕರದ್ರು, ನಾ ಬಂದೆ. ನಾ ಕರದೆ, ಮಂದಿ ಬಂದ್ರು.”

ವೀರೇಶಣ್ಣ ಕುರ್ಚಿಯಲ್ಲಿ ಕುಸಿದು ಕೂತ. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿದಳು.

“ಮಗಳ ಮದುವಿ ಸೀರಿ ಎಲ್ಲಾ ನಿಮ್ಮಲ್ಲೇ ತಗಂಡಿದ್ದೆ. ಅದಕ್ಕ ನನ್ನ ನಂಬರೂ ನಿಮ್ಮ ಪಟ್ಯಾಗ ಐತಿ ಕಾಣ್ತೈತಿ. ವಾರಾವಾರ ಮೆಸೇಜ್ ಬರ್ತೈತಿ. ‘ಮಾರೆಮ್ಮನವರೇ, ನೀವಿಲ್ಲದೆ ನಮ್ಮ ಅಂಗಡಿ ಖಾಲಿ ಖಾಲಿ. ಮರಳಿ ಬನ್ನಿ’ ಅಂತ. ಮೊದಲನೇ ಸಲ ಬಂದಾಗ ಕೆಲಸಕ್ಕ ಕರದೀರಿ, ಖರೇನ ಅನ್ಕಂಡು, ಹೊಸ ಸೀರಿ ಉಟ್ಕಂಡು ನಿಮ್ಮಂಗಡಿ ಬಾಗಿಲ ತನಕಾ ಬಂದಿದ್ದೆ.”